ಫೋನು 182 ಅಂತೈತಿ, ಕಾಲು 100 ಅಂತಾವ

1️⃣
ದೋಸ್ತರ, ಈ ಸಲದ ಸರಣಿ ಸಂಜಿ ವಾಕಿಂಗ್ ಮುಗಿಸಿ ಕ್ಯಾಲರಿ ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕೋರಿಗೆ. ಸೈಕಲ್ ತುಳದು ಕಾಲೇಜಿಗೆ ಬಂದು "ನಾ ಏನೂ ಎಕ್ಸರ್ಸೈಜ್ ಮಾಡಂಗಿಲ್ಲೋ" ಅನ್ನೋರಿಗೂ ಇದು ಸೇರತೈತಿ. ಉದ್ದ ಐತಿ, ಏಳು ಪೋಸ್ಟ್. ಸೇವ್ ಮಾಡಿಕೊಂಡು ನಿಧಾನಕ್ಕ ಓದ್ರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡತೀನಿ. ಫೋನು ತೋರಿಸೋ ಕ್ಯಾಲರಿ ಅಂಕಿ ನಡೆಯೋರಿಗೆ ಹೆಚ್ಚು ತೋರಿಸತೈತಿ, ಸೈಕಲ್ ತುಳಿಯೋರಿಗೆ ಕಡಿಮಿ ತೋರಿಸತೈತಿ, ಇಲ್ಲಾ ಏನೂ ತೋರಿಸಂಗಿಲ್ಲ. ಬರೀ ಅಂಕಿ ತಪ್ಪಾದ್ರ ನಕ್ಕು ಬಿಡಬಹುದಿತ್ತು. ಆದ್ರ ಆ ಅಂಕಿ ನೋಡಿ ನಾವು ರಾತ್ರಿ ರೊಟ್ಟಿ ಎಷ್ಟು ತಿನ್ನಬೇಕು ಅಂತ ತೀರ್ಮಾನ ಮಾಡಾಕತ್ತೀವಿ. ಅದಕ್ಕ ಈ ಲೆಕ್ಕವನ್ನು ಫೋನಿಗೆ ಬಿಡದೆ ಕೈಯಿಂದ ಒಮ್ಮೆ ಮಾಡಿ ನೋಡಬೇಕು. ಎಂಟನೇ ತರಗತಿ ಗಣಿತ ಸಾಕು.

ಫೋನಿನೊಳಗಿನ ಆ್ಯಪ್ ನಿಮ್ಮ ಮೈಯೊಳಗೆ ಏನೂ ಅಳೆಯೋದಿಲ್ಲ. ಅದರ ಹತ್ತಿರ ಇರೋದು ಒಂದು ಗುಣಾಕಾರ ಅಷ್ಟ. ಬಹಳಷ್ಟು ಆ್ಯಪ್‌ಗಳ ಬುಡದಾಗ ಇರೋದು ಈ ಸೂತ್ರ:

ಮೆಟ್ × ತೂಕ (ಕೆಜಿ) × ಹೊತ್ತು (ಗಂಟೆ) = ಕಿಲೋಕ್ಯಾಲರಿ

ನಾವು ಮಾತಿನಾಗ "ಕ್ಯಾಲರಿ" ಅನ್ನೋದು ಈ ಕಿಲೋಕ್ಯಾಲರಿನೇ. ಮುಂದೆ ನಾನೂ ಕ್ಯಾಲರಿ ಅಂತನ ಬರೀತೀನಿ.

2️⃣
ಮೆಟ್ ಅಂದ್ರೇನು? ಸುಮ್ಮನ ಕುಂತಾಗ ಮೈ ಖರ್ಚು ಮಾಡೋ ಶಕ್ತಿಗೆ ಒಂದು ಮೆಟ್ ಅಂತ ಹೆಸರಿಟ್ಟಾರ. ಕೆಲಸ ಮಾಡುವಾಗ ಅದರ ಎಷ್ಟು ಪಟ್ಟು ಖರ್ಚಾಗತೈತಿ ಅನ್ನೋದು ಆ ಕೆಲಸದ ಮೆಟ್. ಕುಂತವರಿಗೆ ಒಂದು ಕೆಜಿ ತೂಕಕ್ಕ ಗಂಟೆಗೆ ಒಂದು ಕ್ಯಾಲರಿ ಅಂತ ಹಿಡಿದಾರ. ಅಂದ್ರ 52 ಕೆಜಿ ಇರೋಳು ಒಂದು ತಾಸು ಕ್ಲಾಸಿನಾಗ ಸುಮ್ಮನ ಕುಂತರೂ 52 ಕ್ಯಾಲರಿ ಹೋಗತಾವ. (ಲೆಕ್ಚರ್ ಎಷ್ಟು ಬೋರ್ ಆದ್ರೂ ಅಷ್ಟ.)

ಯಾವ ಕೆಲಸಕ್ಕ ಎಷ್ಟು ಮೆಟ್ ಅನ್ನೋ ದೊಡ್ಡ ಪಟ್ಟಿ ಒಂದೈತಿ. ಅಮೆರಿಕದ ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಮೊದಲು ಪ್ರಕಟಿಸಿದ್ದು, ಆಮೇಲೆ 2000, 2011, 2024ರಲ್ಲಿ ತಿದ್ದಿದ್ದು. ನಾನು ಇಲ್ಲಿ 2011ರ ಪಟ್ಟಿ ಬಳಸತೀನಿ. ಸಪಾಟು ದಾರಿಯಲ್ಲಿ ತಾಸಿಗೆ 4.8 ಕಿ.ಮೀ. ವೇಗದಲ್ಲಿ ನಡೆದ್ರ 3.5 ಮೆಟ್. ಅಂದ್ರ ಕುಂತಿದ್ದಕ್ಕಿಂತ ಮೂರೂವರೆ ಪಟ್ಟು.

ಒಂದು ಎಚ್ಚರಿಕೆ. ಈ ಪಟ್ಟಿ ದೊಡ್ಡವರಿಗೆ ಮಾಡಿದ್ದು. ಹೈಸ್ಕೂಲಿಗೆ ಹೋಗೋ ತಮ್ಮ-ತಂಗಿಯರ ಮೈ ಕುಂತಾಗಲೂ ಕೆಜಿಗೆ ಹೆಚ್ಚು ಶಕ್ತಿ ಖರ್ಚು ಮಾಡತೈತಿ. ಬೆಳೆಯೋ ಮೈ ಅಲ್ಲೇನು. ಅವರಿಗೆ ಬೇರೆ ಪಟ್ಟಿ ಐತಿ. ನಿಮ್ಮ ಲೆಕ್ಕ ಅವರ ಮೇಲೆ ಹಚ್ಚಬ್ಯಾಡ್ರಿ.

3️⃣
ಈಗ ಒಂದು ನಿಜವಾದ ಸಂಜಿ ತಗೋಳೂಣ. ಚಿಕ್ಕೋಡಿಯಾಗ ನಮ್ಮ ಗೆಳತಿ ಒಬ್ಬಾಕಿ, ಹೆಸರು ಬ್ಯಾಡ, ತೂಕ 52 ಕೆಜಿ. ಆರಕ್ಕ ಫೋನಿನಾಗ "ವಾಕ್" ಒತ್ತಿ ಹೊರಟ್ಲು, ಏಳಕ್ಕ ಮನೆಗೆ ಬಂದು ನಿಲ್ಲಿಸಿದ್ಲು. ಫೋನು ಒಂದು ತಾಸು ಹಿಡೀತು:

3.5 × 52 × 1 = 182

ಸ್ಟೋರಿಗೆ 182, ಬೆಂಕಿ ಎಮೋಜಿ. ಎಲ್ಲಾ ಸರಿ ಕಾಣತೈತಿ. ಆದ್ರ ನಡುವೆ ಕಿರಾಣಿ ಅಂಗಡಿ ಮುಂದ ನಿಂತಿದ್ದು, ಗೆಳತಿ ಸಿಕ್ಕು ಮಾತಾಡಿದ್ದು ಕೂಡಿಸಿ ಹದಿನೈದು ನಿಮಿಷ. ಕಾಲು ಓಡಿದ್ದು 45 ನಿಮಿಷ, ಅಂದ್ರ ಮುಕ್ಕಾಲು ತಾಸು:

3.5 × 52 × 0.75 = 136

ಇದು ಮೊದಲನೇ ಕಡಿತ. ಮನೆಯಿಂದ ಮನೆಗೆ ಹಿಡಿದ ಹೊತ್ತು ಲೆಕ್ಕಕ್ಕ ಬರಂಗಿಲ್ಲ, ನಡೆದ ಹೊತ್ತು ಮಾತ್ರ ಬರತೈತಿ. ಇದನ್ನ ಪತ್ತೆ ಹಚ್ಚೋದು ಸುಲಭ. ದೂರವನ್ನು ಹೊತ್ತಿನಿಂದ ಭಾಗಿಸ್ರಿ. ಆಕಿ ನಡೆದಿದ್ದು 3.6 ಕಿ.ಮೀ. ಒಂದು ತಾಸಿಗೆ 3.6 ಅಂದ್ರ ಅದು ಅಜ್ಜಿ ಗುಡಿಗೆ ಹೋಗೋ ವೇಗ, ಆಕಿ ನಡೆಯೋ ವೇಗ ಅಲ್ಲ. ಅಂದಮ್ಯಾಲೆ ನಡುವೆ ನಿಂತಾಳ ಅಂತ ತಿಳೀತೈತಿ. ಮುಕ್ಕಾಲು ತಾಸಿಗೆ 3.6 ಅಂದ್ರ ತಾಸಿಗೆ 4.8, ಪಟ್ಟಿಯ ಸಾಲಿಗೆ ಸರಿಯಾಗಿ ಕೂಡತೈತಿ.

ಎರಡನೇ ಕಡಿತ ದೊಡ್ಡದು, ಮತ್ತ ಇದನ್ನ ಯಾರೂ ಹೇಳಂಗಿಲ್ಲ. ಆ 136ರಲ್ಲಿ ಆಕಿ ಮನೆಯಾಗ ಕುಂತು ಸೀರಿಯಲ್ ನೋಡಿದ್ದರೂ ಖರ್ಚಾಗ್ತಿದ್ದ ಕ್ಯಾಲರಿನೂ ಸೇರಿಕೊಂಡಾವ. ಮೆಟ್ ಅನ್ನೋದು ಕುಂತಿದ್ದರ "ಎಷ್ಟು ಪಟ್ಟು" ಅಲ್ಲೇನು? ಮೂರೂವರೆ ಪಟ್ಟಿನಾಗ ಒಂದು ಪಟ್ಟು ಹೆಂಗೂ ಹೋಗೋದಿತ್ತು. ನಡೆದಿದ್ದಕ್ಕ ಹೆಚ್ಚಾಗಿ ಹೋಗಿದ್ದು ಎರಡೂವರೆ ಪಟ್ಟು ಮಾತ್ರ. ಅದಕ್ಕ ಒಂದನ್ನ ಕಳೀರಿ:

(3.5 − 1) × 52 × 0.75 = 97

182 ಎಲ್ಲಿ, 97 ಎಲ್ಲಿ! ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟ.

ಸುಮ್ಮನ ಜಿಪುಣತನಕ್ಕ ಕಳೆಯೋದಲ್ಲ ಇದು. ದಿನಕ್ಕ ಇಷ್ಟು ಕ್ಯಾಲರಿ ಬೇಕು ಅಂತ ಆ್ಯಪ್ ಹೇಳತೈತಲ್ಲ, ಆ ಅಂಕಿಯೊಳಗ 24 ತಾಸಿನ ಕುಂತ ಖರ್ಚು ಮೊದಲೇ ಐತಿ. ಅದರ ಮ್ಯಾಲೆ 182 ಕೂಡಿಸಿದ್ರ ಆ ಒಂದು ತಾಸಿಗೆ ಎರಡು ಸಲ ಬಿಲ್ ಹಾಕಿದಂಗ ಆಗತೈತಿ.

4️⃣
ಇಷ್ಟೆಲ್ಲಾ ಗುಣಾಕಾರ ಯಾರು ಮಾಡ್ತಾರ ಅಂದ್ರೇನು? ಬಾಯಿಲೆಕ್ಕ ಒಂದೈತಿ. ಸಪಾಟು ದಾರಿಯಲ್ಲಿ, ಸಾಮಾನ್ಯ ವೇಗದಲ್ಲಿ ನಡೆದ್ರ ಒಂದು ಕಿಲೋಮೀಟರಿಗೆ ನಿಮ್ಮ ತೂಕದ ಅರ್ಧದಷ್ಟು ಕ್ಯಾಲರಿ ಹೆಚ್ಚಾಗಿ ಖರ್ಚು. ಆಕಿಗೆ 52ರ ಅರ್ಧ 26, ಅದನ್ನ 3.6 ಕಿ.ಮೀ.ಗೆ ಗುಣಿಸಿದ್ರ 94. ಮೇಲಿನ 97ರ ಪಕ್ಕದಾಗನ ಬಂತು ನೋಡ್ರಿ. ಇದು ಮೆಟ್ ಪಟ್ಟಿಯಿಂದ ಬಂದಿದ್ದಲ್ಲ, ನಡೆಯುವಾಗ ಮೈ ಎಷ್ಟು ಆಮ್ಲಜನಕ ಎಳೀತೈತಿ ಅನ್ನೋ ಬೇರೆ ಸಮೀಕರಣದಿಂದ ಬಂದಿದ್ದು. ಎರಡು ಬೇರೆ ದಾರಿ ಹಿಡಿದು ಹೋದ್ರೂ ಒಂದೇ ಊರಿಗೆ ಬಂದ್ವಿ ಅಂದ್ರ ದಾರಿ ಸರಿ ಐತಿ ಅಂತ ಅರ್ಥ.

ಹಂಗಂತ 97 ಅನ್ನೋ ಕೊನೆಯ 7ರ ಮ್ಯಾಲೆ ಪ್ರಮಾಣ ಮಾಡಬ್ಯಾಡ್ರಿ. ಕುಂತವರಿಗೆ ಕೆಜಿಗೆ ಒಂದು ಕ್ಯಾಲರಿ ಅನ್ನೋದು ಅನುಕೂಲಕ್ಕ ಒಪ್ಪಿಕೊಂಡ ಅಂಕಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಾಗ 769 ಜನರನ್ನ ಅಳೆದು ನೋಡಿದಾಗ ಸರಾಸರಿ ಬಂದಿದ್ದು 0.84. ಅದನ್ನ ಹಿಡಿದ್ರ ಆಕಿಯ ಲೆಕ್ಕ 104 ಆಗತೈತಿ. ಅದಕ್ಕ "ನೂರರ ಆಜೂಬಾಜು" ಅನ್ನೋದೇ ಪ್ರಾಮಾಣಿಕ ಉತ್ತರ. ಫೋನು 182.4 ಅಂತ ದಶಾಂಶದವರೆಗೂ ತೋರಿಸತೈತಲ್ಲ, ಆ ಚುಕ್ಕಿ ನೋಡಿದಾಗೆಲ್ಲಾ ನನಗ ನಗು ಬರತೈತಿ.

ಬಾಯಿಲೆಕ್ಕ ಎಲ್ಲಿ ಕೆಡತೈತಿ? ಏರಿನಾಗ. ಉಗಾರ, ಕಾಗವಾಡ ಕಡೆ ಕೃಷ್ಣಾ ದಂಡಿಯ ಕಬ್ಬಿನ ಹೊಲದ ದಾರಿ ಸಪಾಟು, ಅಲ್ಲಿ ಚಲೋ ಕೆಲಸ ಮಾಡತೈತಿ. ನಿಪ್ಪಾಣಿ ಹತ್ತಿರ ಸ್ತವನಿಧಿ ಘಟ್ಟ ಹತ್ತೋರಿಗೆ ಇದೇ ಲೆಕ್ಕ ಹೇಳಿದ್ರ ಬೈತಾರ. ನೂರು ಮೀಟರ್ ಹೋಗೂದರಾಗ ಐದು ಮೀಟರ್ ಮೇಲೇರೋ ದಾರಿಯಾಗ ಅದೇ ವೇಗ ಹಿಡಿದ್ರ 3.5 ಇದ್ದ ಮೆಟ್ 5.3 ಆಗತೈತಿ. ಒಂದು ಕಳೆದ್ರ 4.3. ಸಪಾಟಿಗಿಂತ ಒಂದೂ ಮುಕ್ಕಾಲು ಪಟ್ಟು. ಮತ್ತ ಇಳಿಯುವಾಗ ಕಡಿಮಿ ಆಗತೈತಿ, ಆದ್ರ ಏರಿನಾಗ ಕೊಟ್ಟಿದ್ದು ಇಳಿಜಾರಿನಾಗ ಪೂರ್ತಿ ವಾಪಸ್ ಸಿಗಂಗಿಲ್ಲ.

5️⃣
ಈಗ ಸೈಕಲ್ಲು. ಇದು ನನ್ನ ಮನಸ್ಸಿಗೆ ಹತ್ತಿರದ ಪೋಸ್ಟ್, ಸ್ವಲ್ಪ ಉದ್ದ ಆಗತೈತಿ.

ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತು. ಅಣ್ಣನಿಗೋ ಅಕ್ಕನಿಗೋ ಬಂದ ಸೈಕಲ್ ಇವತ್ತಿಗೂ ತುಳಿಯೋರು ನಮ್ಮಲ್ಲಿ ಇದ್ದಾರ. ಗೇರಿಲ್ಲ, ಭಾರ ಬೇರೆ, ಟಯರಿನಾಗ ಗಾಳಿ ಯಾವಾಗಲೂ ಸ್ವಲ್ಪ ಕಡಿಮಿನ. ಇಂಥ ಸೈಕಲ್ ಮ್ಯಾಲೆ ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ 58 ಕೆಜಿ ಹುಡುಗ ಒಬ್ಬ ದಿನಾ 9 ಕಿ.ಮೀ. ತುಳದು ಬರತಾನ ಅನ್ನೂಣ. ಬರೋಕೆ 40 ನಿಮಿಷ, ಹೋಗೋಕೆ 40. ಫೋನು ಬ್ಯಾಗಿನೊಳಗ. ಹೆಜ್ಜೆ ಎಣಿಸೋ ಆ್ಯಪ್ ಅವನಿಗೆ ಏನು ಕೊಡತೈತಿ? ಹೆಚ್ಚುಕಡಿಮಿ ಸೊನ್ನೆ. ಪೆಡಲ್ ತಿರುಗಿದ್ದು ಹೆಜ್ಜೆ ಅಲ್ಲ ನೋಡ್ರಿ. ಸಂಜಿ ಮೂರೂವರೆ ಕಿ.ಮೀ. ನಡೆದಾಕಿಗೆ ಬೆಂಕಿ ಎಮೋಜಿ, 18 ಕಿ.ಮೀ. ತುಳಿದವನಿಗೆ "ಇವತ್ತು ಸ್ವಲ್ಪ ಚಲಿಸಿ" ಅಂತ ಉಪದೇಶ.

ಕೈಲೆಕ್ಕ ಮಾಡೂಣ. 40 ನಿಮಿಷಕ್ಕ 9 ಕಿ.ಮೀ. ಅಂದ್ರ ತಾಸಿಗೆ 13.5. ಪಟ್ಟಿ ತೆಗೆದ್ರ "12 ರಿಂದ 13.9" ಅನ್ನೋ ಸಾಲು ಕಾಣತೈತಿ, 8 ಮೆಟ್. ನಿಲ್ರಿ! ಪಟ್ಟಿ ಅಮೆರಿಕದ್ದು, ಅಲ್ಲಿರೋದು ಮೈಲಿ. ಒಂದು ಮೈಲಿ ಅಂದ್ರ 1.6 ಕಿ.ಮೀ. ಅವನ ವೇಗ ತಾಸಿಗೆ 8.4 ಮೈಲಿ ಮಾತ್ರ. 8 ಮೆಟ್ ಹಿಡಿದ್ರ ಒಂದು ಕಡೆಗೇ 309 ಕ್ಯಾಲರಿ ಬರತೈತಿ. ಅದು ರೇಸ್ ಸೈಕಲ್ ಬಗ್ಗಿ ತುಳಿಯೋನ ಅಂಕಿ.

ಸರಿ, 10 ಮೈಲಿ ಒಳಗಿನ ಸಾಲು ನೋಡೂಣ. ಅಲ್ಲೊಂದು ಗಮ್ಮತ್ತು. ಹತ್ತು ಮೈಲಿಗಿಂತ ಕಡಿಮಿ, ಆರಾಮ ತುಳಿತ ಅನ್ನೋದಕ್ಕ 4 ಮೆಟ್. ಅದೇ ಪಟ್ಟಿಯಾಗ 9.4 ಮೈಲಿಗೆ 5.8. ಕೆಲಸಕ್ಕ ಹೋಗಿ ಬರೋ ತುಳಿತ, ತನಗೆ ಬೇಕಾದ ವೇಗ ಅನ್ನೋದಕ್ಕ 6.8. ಒಬ್ಬನ ಹುಡುಗ, ಒಂದೇ ದಾರಿ, ಮೂರು ಅಂಕಿ. ಒಂದು ಕಳೆದು ಲೆಕ್ಕ ಹಾಕಿದ್ರ ಒಂದು ಕಡೆಗೆ 116, 186, 224. ಯಾವುದು ಖರೆ?

ಪಟ್ಟಿ ಇಲ್ಲಿ ಕೈಕೊಡಾಕ ಕಾರಣ ಐತಿ. ನಡೆಯುವಾಗ ಪ್ರತಿ ಹೆಜ್ಜೆಗೂ ನಿಮ್ಮ ಮೈಯನ್ನ ನೀವೇ ಎತ್ತಿ ಇಡತೀರಿ, ಅದಕ್ಕ ತೂಕ ಮತ್ತು ದೂರ ಗೊತ್ತಿದ್ರ ಸಾಕು. ಸೈಕಲ್ ಮ್ಯಾಲೆ ಭಾರ ಸೀಟಿನ ಮ್ಯಾಲೆ ಕುಂತಿರತೈತಿ. ಕಾಲು ಹೋರಾಡೋದು ಟಯರಿನ ಉಜ್ಜಾಟದ ಜೊತೆ, ಮತ್ತ ಎದುರಿನ ಗಾಳಿ ಜೊತೆ. ಆ ಎರಡೂ ಪಟ್ಟಿಗೆ ಗೊತ್ತಿಲ್ಲ.

6️⃣
ಗಾಳಿ ಬಗ್ಗೆ ಒಂದು ಪೋಸ್ಟ್ ಪೂರ್ತಿ ಬೇಕು. ಗಾಳಿ ಒತ್ತೋ ಬಲ ವೇಗದ ವರ್ಗದಂಗ ಏರತೈತಿ: ಗಾಳಿ ಎರಡು ಪಟ್ಟಾದ್ರ ಒತ್ತೋದು ನಾಲ್ಕು ಪಟ್ಟು. ಆಷಾಢದಾಗ ನಮ್ಮ ಕಡೆ ಗಾಳಿ ಬರೋದು ಪಶ್ಚಿಮದಿಂದ. ಅಥಣಿ ಕಡೆಯಿಂದ ಕಾಗವಾಡದ ಕಡೆಗೆ, ರಾಯಬಾಗದಿಂದ ಚಿಕ್ಕೋಡಿ ಕಡೆಗೆ ತುಳಿಯೋನಿಗೆ ಅದು ಎದಿಗೆ ನೇರ ಬರತೈತಿ.

ಅದೇ ಹುಡುಗನನ್ನ ತಗೋರಿ. ಅವನು, ಸೈಕಲ್, ಬ್ಯಾಗು ಕೂಡಿ 83 ಕೆಜಿ ಅಂತ ಹಿಡಿದು ಲೆಕ್ಕ ಹಾಕಿದೆ. ಗಾಳಿ ಇಲ್ಲದ ದಿನ ಸಪಾಟು ದಾರಿಯಾಗ 13.5ರ ವೇಗ ಹಿಡಿಯಾಕ ಸುಮಾರು 50 ವ್ಯಾಟ್ ಬೇಕು. ನಮ್ಮ ಮೈ ತಿಂದ ಶಕ್ತಿಯಾಗ ನಾಲ್ಕರಲ್ಲಿ ಒಂದು ಪಾಲೂ ಪೆಡಲಿಗೆ ಮುಟ್ಟಿಸಂಗಿಲ್ಲ, ಉಳಿದಿದ್ದು ಬಿಸಿಯಾಗಿ ಹೋಗತೈತಿ. ಹಂಗ ನೋಡಿದ್ರ ಒಂದು ಕಡೆಗೆ ಹೆಚ್ಚುವರಿ ಖರ್ಚು 135ರ ಹತ್ತಿರ ಬರತೈತಿ, ಪಟ್ಟಿಯ ಸಣ್ಣ ಅಂಕಿ ಮತ್ತು ನಡುವಿನ ಅಂಕಿಯ ಮಧ್ಯೆ. ಈಗ ಎದುರಿಗೆ ತಾಸಿಗೆ 11 ಕಿ.ಮೀ. ಗಾಳಿ ಬೀಸಲಿ. ಬಿರುಗಾಳಿ ಏನಲ್ಲ, ಬಾವುಟ ಹಾರೋ ಗಾಳಿ. ಅದೇ ವೇಗ ಬಿಡಬಾರದು ಅಂದ್ರ ಬೇಕಾದ ಜೋರು ಹತ್ತಿರಹತ್ತಿರ ಎರಡು ಪಟ್ಟು ಆಗತೈತಿ. ಫೋನಿಗೆ ಜಿಪಿಎಸ್ ಹಚ್ಚಿದ್ರೂ ವೇಗ ಅಷ್ಟೇ ಕಾಣೋದು, ಗಾಳಿ ಕಾಣಂಗಿಲ್ಲ. ವೇಗ ಕಡಿಮಿ ಆಯಿತು ಅಂದ್ರ ಮತ್ತ ಕಡಿಮಿ ಕ್ಯಾಲರಿ ಕೊಟ್ಟು ಅವಮಾನ ಮಾಡತೈತಿ.

ಹಂಗಾದ್ರ ಸಾಲು ಆರಿಸೋದು ಹೆಂಗ? ನಾನು ಉಸಿರು ನೋಡು ಅಂತೀನಿ. ಗೆಳೆಯನ ಜೊತೆ ಹಾಡು ಹಾಡ್ಕೋತ ತುಳಿಯೋಕೆ ಆದ್ರ 4. ಮಾತು ಬರತಾವ, ಹಾಡು ಬರಂಗಿಲ್ಲ ಅಂದ್ರ 5.8. ಎರಡು ಮಾತಾಡಿ ಉಸಿರು ಎಳಕೋಬೇಕು ಅಂದ್ರ 6.8. ಇದು ಒರಟು ಅಳತೆ, ಆದ್ರ ಎದುರುಗಾಳಿ, ಮೆತ್ತಗಾದ ಟಯರು, ಎಣ್ಣೆ ಕಾಣದ ಚೈನು ಎಲ್ಲಾ ನಿಮ್ಮ ಉಸಿರಿನಾಗ ಲೆಕ್ಕ ಆಗಿರತಾವ. ವೇಗದ ಸಾಲಿಗಿಂತ ಇದು ಚಲೋ.

ಈಗ ಆ ಹುಡುಗನಿಗೆ ಹೋಗಿ ಬರೋದು ಕೂಡಿ, ಗಾಳಿ ಇಲ್ಲದ ದಿನ 270, ಗಾಳಿ ಇದ್ದ ದಿನ ಅದಕ್ಕಿಂತ ಹೆಚ್ಚು. 300 ಅಂತ ಹಿಡೀರಿ. ಇದನ್ನ ರೊಟ್ಟಿ ಭಾಷೆಗೆ ತರೂಣ. ಜೋಳದ ಹಿಟ್ಟು 100 ಗ್ರಾಮಿಗೆ ಸುಮಾರು 340 ಕ್ಯಾಲರಿ. 50 ಗ್ರಾಮ್ ಹಿಟ್ಟಿನ ರೊಟ್ಟಿ ಅಂದ್ರ 170. ಅಂದ್ರ ಅವನ ಸೈಕಲ್ ದಿನಕ್ಕ ಎರಡು ರೊಟ್ಟಿಗೆ ಸ್ವಲ್ಪ ಕಡಿಮಿ ಕೇಳತೈತಿ. (ನಿಮ್ಮವ್ವ ಬಡಿಯೋ ರೊಟ್ಟಿ ದಪ್ಪ ಇದ್ರ ಹಿಟ್ಟು ತೂಗಿ ನೋಡ್ರಿ.) ಆದ್ರ ಆ ಹುಡುಗ ಮುಂಜಾನೆ ಬರೇ ಚಾ ಕುಡಿದು ಹೊರಟು, ಹನ್ನೊಂದರ ಕ್ಲಾಸಿನಾಗ ತೂಕಡಿಸಿದ್ರ ನಾವು ಏನಂತೀವಿ? ಸೋಮಾರಿ ಅಂತೀವಿ. ಫೋನಿನ ಸೊನ್ನೆ ನೋಡಿ ಅವನೂ ಹಂಗ ನಂಬ್ಯಾನ.

7️⃣
ಆ ಕಡೆ 182 ಹಾಕೋ ಗೆಳತಿಯ ಕಥಿ ಏನಾಗತೈತಿ ನೋಡ್ರಿ. ಒಂದು ಕೆಜಿ ಕೊಬ್ಬಿಗೆ 7,700 ಕ್ಯಾಲರಿ ಅನ್ನೋ ಒರಟು ಲೆಕ್ಕ ಎಲ್ಲಾರೂ ಎಲ್ಲೋ ಓದಿರತಾರ. 182 × 30 ಮಾಡಿದ್ರ ತಿಂಗಳಿಗೆ 5,460, ಮುಕ್ಕಾಲು ಕೆಜಿ ಹತ್ತಿರ ಇಳೀಬೇಕು ಅಂತ ಆಸೆ. ಖರೆ ಖರ್ಚು ತಿಂಗಳಿಗೆ 3,000ದ ಹತ್ತಿರ. ಅಂದ್ರ ಊಟ ಒಂದಿಷ್ಟೂ ಬದಲಾಗದೆ ಇದ್ರ 400 ಗ್ರಾಮ್. ನೀರು ಕುಡಿದು ತಕ್ಕಡಿ ಹತ್ತಿದ್ರ ಅದಕ್ಕಿಂತ ಹೆಚ್ಚು ಏರಿರತೈತಿ. ವಾಕಿಂಗ್ ಮುಗಿಸಿ ಬರೋವಾಗ ಒಂದು ಗ್ಲಾಸ್ ಕಬ್ಬಿನ ಹಾಲು ಕುಡಿದ್ರ ಆ ದಿನದ ನೂರು ಅಲ್ಲೇ ವಾಪಸ್ಸು. ತಿಂಗಳ ಕೊನಿಗೆ ತಕ್ಕಡಿ ಅಲುಗಾಡಿಲ್ಲ. ಆಗ ಆಕಿ ಅಂಕಿ ಮ್ಯಾಲೆ ಸಂಶಯ ಪಡಂಗಿಲ್ಲ, ತನ್ನ ಮ್ಯಾಲೆ ಪಡತಾಳ. ರಾತ್ರಿ ಊಟ ಬಿಡತಾಳ. ನಮ್ಮ ಕ್ಲಾಸಿನಾಗ ಹಿಂಗ ರಾತ್ರಿ ಊಟ ಬಿಟ್ಟು ಮುಂಜಾನೆ ತಲಿ ತಿರುಗಿ ಕುಂತೋರು ಒಬ್ಬರಲ್ಲ, ಇಬ್ಬರಲ್ಲ. 52 ಕೆಜಿಗೆ ಇಳಿಸೋದಾದ್ರೂ ಏನಿತ್ತು ಅಂತ ನಾನು ಕೇಳೋದು ಬೇರೆ ಮಾತು. ಹಂಗ ತಲಿ ತಿರುಗತಿದ್ರ ತಕ್ಕಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗ್ರಿ.

ನಡೆಯೋದಕ್ಕ ಊಟ ನಿಜವಾಗಿ ಹೆಚ್ಚು ಬೇಕಾಗೋದು ಯಾವಾಗ? ಚಿಂಚಲಿ ಮಾಯಕ್ಕನ ಜಾತ್ರೆಗೆ ನಡಕೋತ ಹೋಗೋರನ್ನ ನೆನಸ್ಕೋರಿ. 60 ಕೆಜಿ ಇರೋರು 30 ಕಿ.ಮೀ. ನಡೆದ್ರ ಬಾಯಿಲೆಕ್ಕದಾಗ 30 × 30, ಅಂದ್ರ 900 ಕ್ಯಾಲರಿ ಹೆಚ್ಚುವರಿ. ಐದು ಕೆಜಿ ಗಂಟು ಹೊತ್ತಿದ್ರ ಅದನ್ನೂ ತೂಕಕ್ಕ ಕೂಡಿಸ್ರಿ, 975 ಆಗತೈತಿ. ಐದಾರು ರೊಟ್ಟಿಯ ಲೆಕ್ಕ ಇದು. ದಾರಿಯಾಗ ಕರೆದು ಕರೆದು ಊಟಕ್ಕ ಹಾಕೋರು ಸೂತ್ರ ಓದಿದವರಲ್ಲ, ಆದ್ರ ಅವರ ಅಂದಾಜು ನಮ್ಮ ಫೋನಿಗಿಂತ ಹತ್ತಿರ ಐತಿ.

ಮುಂದಿನ ವಾರ ನಿಮ್ಮ ದಾರಿಗಳ ಲೆಕ್ಕ ಹಾಕೂಣ. ಕಾಮೆಂಟಿನಾಗ ಇಷ್ಟು ಬರೀರಿ: ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ., ನಿಂತ ಹೊತ್ತು ಬಿಟ್ಟು ಎಷ್ಟು ನಿಮಿಷ, ಹಾಡು ಬರತೈತೋ ಮಾತು ಬರತೈತೋ. ತೂಕ ಮಾತ್ರ ಕಾಮೆಂಟಿನಾಗ ಬರೀಬ್ಯಾಡ್ರಿ. ಅದು ನಿಮ್ಮ ಹತ್ತಿರಾನ ಇರಲಿ, ನಾನು ಒಂದು ಕೆಜಿಗೆ ಎಷ್ಟು ಅಂತ ಹೇಳತೀನಿ, ಗುಣಿಸೋದು ನೀವು ಮನಿಯಾಗ ಮಾಡ್ಕೋರಿ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಒಂದುಕಳೀರಿ